ನಲವತ್ತು ಪರ್ಸೆಂಟ್ ಕನ್ನಡ

ನಮ್ಮ ಆಫೀಸಿನ ಬಿಳಿ ಬೋರ್ಡಿನ ಮೇಲೆ ನೂರು ಎಂದು ಬರೆದಿತ್ತು. ಆ ನೂರು ಶುದ್ಧ ಸುಳ್ಳು ಎಂದು ನನಗೆ ಗೊತ್ತಾದದ್ದು ಶುಕ್ರವಾರ ಮಧ್ಯಾಹ್ನ, ಊಟದ ಡಬ್ಬಿ ತೊಳೆಯಲು ಏಳುವ ಮೊದಲು.

ಬೋರ್ಡಿನ ಪದ್ಧತಿ ನಮ್ಮ ಸಾಹೇಬರದ್ದು. ಪ್ರತಿ ಸಂಜೆ ಪ್ರತಿಯೊಂದು ಕೆಲಸದ ಮುಂದೆ ಅದು ನೂರಕ್ಕೆ ಎಷ್ಟು ಮುಗಿದಿದೆ ಎಂದು ಬರೆಯಬೇಕು. ಮನುಷ್ಯ ಮಾತಾಡುವುದೇ ಹಾಗೆ: ಅವರ ಮಗಳಿಗೆ ಜ್ವರ ಎಂಬತ್ತು ಪರ್ಸೆಂಟ್ ಕಮ್ಮಿ, ನನ್ನ ಕೆಲಸ ತೊಂಬತ್ತು ಪರ್ಸೆಂಟ್ ಚೆನ್ನ, ನನ್ನ ಬಾಯಿ ಮಾತ್ರ ಇನ್ನೂರು ಪರ್ಸೆಂಟ್ ಜೋರು. ಆದ್ದರಿಂದ ಬೆನ್ನ ಹಿಂದೆ ಅವರು ಪರ್ಸೆಂಟ್ ಸಾಹೇಬರು. ಕೆಟ್ಟವರಲ್ಲ. ಆದರೆ ಬೋರ್ಡಿನ ಮೇಲೆ ನೂರು ಬಿದ್ದರೆ ಕೆಲಸ ಮುಗಿಯಿತು ಎಂದು ನಂಬುವ ಜಾತಿ.

ಆ ನೂರು ಇದ್ದದ್ದು ಆಸ್ಪತ್ರೆಯ ವೆಬ್‌ಸೈಟಿನ ಮುಂದೆ. ಅಲ್ಲಿ ಜನ ಸ್ಕ್ಯಾನು, ರಕ್ತಪರೀಕ್ಷೆ ಎಲ್ಲದಕ್ಕೂ ದಿನ ಗೊತ್ತುಮಾಡಿಕೊಳ್ಳುತ್ತಿದ್ದರು. ಆರು ವರ್ಷದ ಹಳೆಯ ಸೈಟು, ಇಡೀ ಇಂಗ್ಲಿಷು. ಅದಕ್ಕೆ ಕನ್ನಡ ಸೇರಿಸಿ, ಒಂದು ಗುಂಡಿ ಒತ್ತಿದರೆ ಕನ್ನಡ, ಇನ್ನೊಂದು ಸಲ ಒತ್ತಿದರೆ ಇಂಗ್ಲಿಷ್ ಬರುವ ಹಾಗೆ ಮಾಡುವುದು ನನ್ನ ಪಾಲಿನ ಕೆಲಸ.

ಕೆಲಸ ಹೇಳಿದಷ್ಟು ಸುಲಭವಲ್ಲ, ಹೆದರುವಷ್ಟು ಕಷ್ಟವೂ ಅಲ್ಲ. ಪುಟಗಳ ಒಳಗೆ ಅಲ್ಲಲ್ಲೇ ಬರೆದಿಟ್ಟಿದ್ದ ಇಂಗ್ಲಿಷ್ ವಾಕ್ಯಗಳನ್ನೆಲ್ಲ ಕಿತ್ತು ಒಂದು ಫೈಲಿಗೆ ಹಾಕಬೇಕು. ಪ್ರತಿ ವಾಕ್ಯಕ್ಕೂ ಒಂದು ಗುರುತಿನ ಹೆಸರು. ಪುಟದಲ್ಲಿ ವಾಕ್ಯದ ಬದಲು ಆ ಹೆಸರು ಮಾತ್ರ ಉಳಿಯುತ್ತದೆ. ಪಕ್ಕದಲ್ಲಿ ಇನ್ನೊಂದು ಫೈಲು, ಅದೇ ಹೆಸರುಗಳು, ಎದುರಿಗೆ ಕನ್ನಡ. ಗುಂಡಿ ಒತ್ತಿದಾಗ ಪುಟ ಯಾವ ಫೈಲನ್ನು ನೋಡಬೇಕು ಎಂಬುದಷ್ಟೇ ಬದಲಾಗುತ್ತದೆ. ಕನ್ನಡ ಫೈಲಿನಲ್ಲಿ ಯಾವುದಾದರೂ ಹೆಸರೇ ಇಲ್ಲದಿದ್ದರೆ ಸೈಟು ಸುಮ್ಮನೆ ಇಂಗ್ಲಿಷ್ ತೋರಿಸುತ್ತದೆ. ಅದಕ್ಕೆ ನಾವು ಫಾಲ್‌ಬ್ಯಾಕ್ ಅನ್ನುತ್ತೇವೆ.

ಹಳೆಯ ಸೈಟು ಬರೆದ ಪುಣ್ಯಾತ್ಮ ಒಂದೊಂದು ವಾಕ್ಯವನ್ನೂ ಮೂರು ತುಂಡು ಮಾಡಿದ್ದ. ಮೊದಲ ತುಂಡು 'ತಿನ್ನಬೇಡಿ', ನಡುವೆ ಗಂಟೆಯ ಸಂಖ್ಯೆ, ಕೊನೆಗೆ 'ಗಂಟೆ ಮೊದಲು'. ಇಂಗ್ಲಿಷಿನಲ್ಲಿ ಹೇಗೋ ಕೂಡಿಕೊಳ್ಳುತ್ತದೆ. ಕನ್ನಡದಲ್ಲಿ ಸಂಖ್ಯೆ ಮೊದಲು ಬರಬೇಕು, ಬೇಡ ಎನ್ನುವುದು ಕೊನೆಗೆ. ಎಲ್ಲ ತುಂಡುಗಳನ್ನೂ ಹೊಲಿದು ಒಂದೊಂದೇ ಪೂರ್ತಿ ವಾಕ್ಯ ಮಾಡಿ, ಸಂಖ್ಯೆ ಬರುವ ಕಡೆ ಖಾಲಿ ಜಾಗ ಬಿಟ್ಟೆ. ಒಟ್ಟು ಆರುನೂರು ವಾಕ್ಯ. ಮೆನು, ಗುಂಡಿ, ತಪ್ಪಾದಾಗ ಬರುವ ಎಚ್ಚರಿಕೆ ಇವೆಲ್ಲ ನಾನೇ ಕನ್ನಡಕ್ಕೆ ತಂದೆ. ಪರೀಕ್ಷೆಗೆ ಮೊದಲು ರೋಗಿ ಏನು ಮಾಡಬೇಕು, ಏನು ಮಾಡಬಾರದು ಎಂಬ ಮುನ್ನೂರ ಅರವತ್ತು ವಾಕ್ಯ ಮಾತ್ರ ಆಸ್ಪತ್ರೆಯವರು ಕೊಡಬೇಕಿತ್ತು. ವೈದ್ಯದ ಮಾತು, ನಾನು ಮನಸ್ಸಿಗೆ ಬಂದಂತೆ ಬರೆಯುವ ಹಾಗಿಲ್ಲ.

ಇನ್ನು ಅಕ್ಕನ ವಿಷಯ ಹೇಳಬೇಕು.

ನನ್ನ ಅಕ್ಕ ಅದೇ ಆಸ್ಪತ್ರೆಯ ಸ್ಕ್ಯಾನ್ ಕೌಂಟರಿನಲ್ಲಿ ಹನ್ನೊಂದು ವರ್ಷದಿಂದ ಕೂರುತ್ತಾಳೆ. ನನಗೆ ಕೋಪ ಮೂಗಿನ ತುದಿಯಲ್ಲಿ. ಅವಳಿಗೆ ಕೋಪ ಎಂಬುದೊಂದಿದೆಯೋ ಇಲ್ಲವೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಟ್ಟೆಯ ಸ್ಕ್ಯಾನಿಗೆ ಬರುವವರು ಆರು ಗಂಟೆ ಏನೂ ತಿಂದಿರಬಾರದು, ಆದರೆ ನೀರು ಕುಡಿದು ಮೂತ್ರ ತಡೆದುಕೊಂಡು ಬರಬೇಕು. ಇದು ಸೈಟಿನಲ್ಲಿ ಚೊಕ್ಕವಾಗಿ ಬರೆದಿತ್ತು, ಇಂಗ್ಲಿಷಿನಲ್ಲಿ. ಜನ ಹೊಟ್ಟೆ ತುಂಬ ತಿಂದು, ಆಸ್ಪತ್ರೆಯ ಬಾಗಿಲಲ್ಲೇ ಮೂತ್ರಕ್ಕೆ ಹೋಗಿ, ಕೌಂಟರಿಗೆ ಬಂದು ನಿಲ್ಲುತ್ತಿದ್ದರು. ಅವರನ್ನು ವಾಪಸ್ ಕಳಿಸುವ ಪಾಪದ ಕೆಲಸ ಅಕ್ಕನದು. ಮತ್ತೆ ದಿನ ಸಿಗುವುದು ಮೂರು ವಾರಕ್ಕೆ.

ವಾಪಸ್ ಹೋದವರಲ್ಲಿ ಮೂವರು ದೂರು ಬರೆದರು: ಕೌಂಟರಿನ ಹೆಂಗಸು ಸರಿಯಾಗಿ ತಿಳಿಸುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಸ್ಪತ್ರೆಯ ಮುಖ್ಯಸ್ಥೆ ಡಾಕ್ಟರಮ್ಮ ಅಕ್ಕನಿಗೆ ನೋಟಿಸು ಕೊಟ್ಟರು. ಸೋಮವಾರ ಕನ್ನಡ ಸೈಟು ಶುರುವಾಗುತ್ತದೆ, ಆಮೇಲೆ ಜನಕ್ಕೆ ತಿಳಿಯಲಿಲ್ಲ ಎಂಬ ನೆಪ ನಡೆಯುವುದಿಲ್ಲ, ಇನ್ನೊಂದು ದೂರು ಬಂದರೆ ಕೆಲಸ ಬಿಡಬೇಕಾಗುತ್ತದೆ ಎಂದು ಅದರಲ್ಲಿತ್ತು. ಅಕ್ಕ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡು ತಿರುಗುತ್ತಿದ್ದಳು. "ನಿನ್ನ ಸೈಟ್ ಬರ್ಲಿ ಕಣೆ, ಎಲ್ಲಾ ಸರಿಹೋಗುತ್ತೆ" ಅನ್ನುತ್ತಿದ್ದಳು. ಅವಳ ಕುರ್ಚಿ ನನ್ನ ಫೈಲಿನ ಮೇಲೆ ನಿಂತಿತ್ತು.

ಹೀಗಿರುವಾಗ ಆ ಶುಕ್ರವಾರ ಬೋರ್ಡಿನ ಮೇಲೆ ನೂರು.

ಆಸ್ಪತ್ರೆಯಿಂದ ವಾಕ್ಯಗಳು ಯಾವಾಗ ಬಂದವು ಎಂದು ಕುತೂಹಲದಿಂದ ಫೈಲು ತೆರೆದೆ. ಸೈಟಿನಲ್ಲಿ ಕನ್ನಡ ಒತ್ತಿದೆ. ಮೆನು ಕನ್ನಡ, ಗುಂಡಿ ಕನ್ನಡ. ಹೊಟ್ಟೆಯ ಸ್ಕ್ಯಾನಿನ ಸೂಚನೆ ಒತ್ತಿದರೆ, ಅದೇ ಇಂಗ್ಲಿಷು. ಫಾಲ್‌ಬ್ಯಾಕ್ ಇರಬೇಕು ಅಂದುಕೊಂಡೆ. ಅಲ್ಲ. ಕನ್ನಡ ಫೈಲಿನ ಒಳಗೇ, ಕನ್ನಡ ಇರಬೇಕಾದ ಜಾಗದಲ್ಲಿ, ಮುನ್ನೂರ ಅರವತ್ತು ಇಂಗ್ಲಿಷ್ ವಾಕ್ಯಗಳು ಸಾಲಾಗಿ ಕೂತಿದ್ದವು.

ಆದದ್ದು ಇಷ್ಟು. ನಾನು ಆಸ್ಪತ್ರೆಗೆ ಕಳಿಸಿದ ಹಾಳೆಯಲ್ಲಿ ಒಂದು ಕಡೆ ಇಂಗ್ಲಿಷ್, ಪಕ್ಕದಲ್ಲಿ ಕನ್ನಡ ತುಂಬಲು ಖಾಲಿ ಅಂಕಣ. ಅವರ ಕಚೇರಿಯವರು ಒಂದಕ್ಷರ ತುಂಬದೆ, ಮೇಲೆ 'ಪರಿಶೀಲಿಸಿ ಅನುಮೋದಿಸಲಾಗಿದೆ' ಎಂದು ಸಹಿ ಹಾಕಿ ವಾಪಸ್ ಕಳಿಸಿದ್ದರು. ಖಾಲಿ ಅಂಕಣಕ್ಕೆ ಅನುಮೋದನೆ! ನಮ್ಮ ಸಾಹೇಬರು ಅದನ್ನು ತೆರೆದೂ ನೋಡದೆ ಫೈಲಿಗೆ ಸುರಿದಿದ್ದರು. ಹೆಸರು ಇದೆ, ಎದುರಿಗೆ ಏನೂ ಇಲ್ಲ. ಹೆಸರೇ ಇಲ್ಲದಿದ್ದರೆ ಇಂಗ್ಲಿಷಾದರೂ ಬರುತ್ತಿತ್ತು, ಖಾಲಿ ಇದ್ದುದರಿಂದ ಪುಟವೇ ಖಾಲಿ ಬಂದಿತ್ತು. ಗಾಬರಿಯಾಗಿ ಖಾಲಿ ಜಾಗಕ್ಕೆಲ್ಲ ಇಂಗ್ಲಿಷನ್ನೇ ನಕಲು ಮಾಡಿ ತುಂಬಿಬಿಟ್ಟಿದ್ದರು. ನಮ್ಮ ಲೆಕ್ಕ ಹಾಕುವ ಪ್ರೋಗ್ರಾಂ ಹೆಸರುಗಳನ್ನು ಮಾತ್ರ ಎಣಿಸುತ್ತದೆ, ಎದುರಿಗೆ ಯಾವ ಭಾಷೆಯಿದೆ ಎಂದು ಕೇಳುವುದಿಲ್ಲ. ಆರುನೂರಕ್ಕೆ ಆರುನೂರು ಇವೆ. ನೂರು ಪರ್ಸೆಂಟ್.

ಹೊರಗೆ ಥಳಕು, ಒಳಗೆ ಹುಳುಕು. ಡಬ್ಬಿ ತೊಳೆಯುವುದನ್ನು ಬಿಟ್ಟು ಸಾಹೇಬರ ಮೇಜಿಗೆ ಹೋದೆ.

"ಸರ್, ಕನ್ನಡ ಫೈಲಲ್ಲಿ ಇಂಗ್ಲಿಷ್ ಇದೆ."

"ಗೊತ್ತಮ್ಮ. ಆಮೇಲೆ ತುಂಬಿದ್ರಾಯ್ತು. ಸೋಮವಾರ ಶುರು ಅಂತ ಮಾತು ಕೊಟ್ಟಿದೀನಿ."

"ಆಮೇಲೆ ಅಂದ್ರೆ ಯಾವಾಗ? ಪ್ರೋಗ್ರಾಂ ನೂರು ಅಂತ ತೋರಿಸ್ತಿದ್ರೆ ಯಾರಿಗೆ ನೆನಪಿರುತ್ತೆ?"

"ಗುಂಡಿ ಎಲ್ಲಾ ಕನ್ನಡದಲ್ಲಿದೆಯಲ್ಲ. ಒಳಗಿಂದು ಯಾರು ಓದ್ತಾರೆ?"

"ಒಳಗಿಂದಕ್ಕೇ ಸರ್ ಜನ ಬರೋದು! ಗುಂಡಿ ನೋಡ್ಕೊಂಡು ಹೋಗೋಕೆ ಯಾರು ಬರ್ತಾರೆ?"

ಅವರು ನಕ್ಕು, "ಇನ್ನೂರು ಪರ್ಸೆಂಟ್" ಎಂದು ನನ್ನ ಬಾಯಿಯ ಕಡೆ ಬೆರಳು ತೋರಿಸಿ ಫೋನೆತ್ತಿಕೊಂಡರು.

ನನಗೆ ಮೈ ಉರಿಯಿತು. ಕೂತು ಹತ್ತು ಸಾಲಿನ ಹೊಸ ತಪಾಸಣೆ ಪ್ರೋಗ್ರಾಂ ಬರೆದೆ. ಎರಡೂ ಫೈಲನ್ನು ಪಕ್ಕಪಕ್ಕ ಇಟ್ಟು, ಒಂದೇ ಹೆಸರಿನ ಎದುರು ಎರಡರಲ್ಲೂ ಅದೇ ಅಕ್ಷರಗಳಿದ್ದರೆ, ಅಥವಾ ಖಾಲಿ ಇದ್ದರೆ, ಅನುವಾದವಾಗಿಲ್ಲ ಎಂದು ಹೇಳಬೇಕು. ಫೋನ್ ನಂಬರು, ಇಮೇಲ್ ವಿಳಾಸ ಹೀಗೆ ಎರಡೂ ಭಾಷೆಯಲ್ಲಿ ಒಂದೇ ಇರಬೇಕಾದ ಹನ್ನೆರಡಕ್ಕೆ ಬೇರೆ ಪಟ್ಟಿ ಮಾಡಿ ವಿನಾಯಿತಿ ಕೊಟ್ಟೆ. ಅನುವಾದವಾಗದ ವಾಕ್ಯ ಒಂದಿದ್ದರೂ ಹೊಸ ಸೈಟು ಹೊರಗೆ ಹೋಗಲು ಬಿಡಬಾರದು ಎಂದೂ ಸೇರಿಸಿದೆ. ಓಡಿಸಿದೆ. ಮುನ್ನೂರ ಅರವತ್ತು ಕೆಂಪು ಸಾಲು ಬಂತು.

ಎದ್ದು ಹೋಗಿ ಬೋರ್ಡಿನ ಮೇಲಿದ್ದ ನೂರನ್ನು ಅಂಗೈಯಿಂದಲೇ ಒರೆಸಿ ನಲವತ್ತು ಬರೆದೆ.

ಸಾಹೇಬರು ಎದ್ದು ಬಂದು ನಲವತ್ತು ಒರೆಸಿ ನೂರು ಬರೆದರು. ನಾನು ನೂರು ಒರೆಸಿದೆ. ಆಫೀಸಿನ ಉಳಿದ ನಾಲ್ವರು ಕೆಲಸ ನಿಲ್ಲಿಸಿ ಬಿಟ್ಟ ಕಣ್ಣಲ್ಲೇ ನೋಡುತ್ತಿದ್ದರು.

"ಆ ತಪಾಸಣೆ ತೆಗೀಮ್ಮ," ಅಂದರು ಸಾಹೇಬರು. ನಗು ಇರಲಿಲ್ಲ.

"ತೆಗೆಯಲ್ಲ ಸರ್."

"ಹಾಗಾದ್ರೆ ನಾನೇ ತೆಗೀತೀನಿ. ನೀನು ಸೋಮವಾರ ಆಸ್ಪತ್ರೇಲಿ ಬಾಯಿ ಮುಚ್ಕೊಂಡು ಕೂರು. ಇಲ್ಲಾಂದ್ರೆ ಮಂಗಳವಾರದಿಂದ ಬರಬೇಡ."

ಶನಿವಾರ ಬೆಳಿಗ್ಗೆ ಸಾಹೇಬರಿಂದ ಒಂದು ಸಂದೇಶ ಬಂತು: ತಪಾಸಣೆ ತೆಗೆಯಲಾಗಿದೆ, ಸೈಟು ಹೊರಗೆ ಹೋಗಿದೆ. ಮಾಡಿ ತೋರಿಸಿಬಿಟ್ಟಿದ್ದರು. ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಸೀದಾ ಅಕ್ಕನ ಮನೆಗೆ ಹೋದೆ. ಭಾವ ಬಾಗಿಲು ತೆಗೆದವರು ನನ್ನ ಮುಖ ನೋಡಿ ಪೇಪರ್ ಹಿಡಿದುಕೊಂಡು ಒಳಗಿನ ಕೋಣೆಗೆ ಸರಿದುಬಿಟ್ಟರು.

ಅಕ್ಕ ಪೂರ್ತಿ ಕೇಳಿದಳು. "ಅಂದ್ರೆ ಸೋಮವಾರದಿಂದ ಕನ್ನಡ ಬಂದಿದೆ ಅಂತ ಎಲ್ಲರಿಗೂ ಹೇಳ್ತಾರೆ, ಆದ್ರೆ ಬಂದಿರಲ್ಲ. ಜನ ಮತ್ತೆ ತಿಂದ್ಕೊಂಡು ಬರ್ತಾರೆ."

"ಹೂಂ."

"ನಾನು ಹೋದೆ ಅಂತ ಅರ್ಥ."

"ನೀನೆಲ್ಲೂ ಹೋಗಲ್ಲ. ಮೇಜಿನ ಮೇಲಿಂದ ತರಕಾರಿ ತೆಗಿ."

ಹಾಳೆ ತೆರೆದು ಮೊದಲನೆಯ ವಾಕ್ಯ ಓದಿದೆ. 'ಪೂರ್ಣ ಮೂತ್ರಕೋಶದೊಂದಿಗೆ ಹಾಜರಾಗತಕ್ಕದ್ದು' ಎಂದು ನಾನು ಬರೆಯಹೊರಟಾಗ ಅಕ್ಕ ನಕ್ಕುಬಿಟ್ಟಳು.

"ಅದನ್ನ ಓದಿ ಯಾರು ನೀರು ಕುಡೀತಾರೆ? ನಾನು ಹೇಳೋ ಹಾಗೆ ಬರಿ. ಸ್ಕ್ಯಾನಿಗೆ ಒಂದು ಗಂಟೆ ಮುಂಚೆ ನಾಲ್ಕು ಲೋಟ ನೀರು ಕುಡೀರಿ. ಸ್ಕ್ಯಾನ್ ಮುಗಿಯೋವರೆಗೂ ಮೂತ್ರಕ್ಕೆ ಹೋಗ್ಬೇಡಿ. ಅವಸರ ಆಗುತ್ತೆ, ತಡ್ಕೊಳ್ಳಿ. ತಡೆಯೋಕಾಗಲ್ಲ ಅನ್ಸಿದ್ರೆ ಕೌಂಟರಿಗೆ ಹೇಳಿ, ಬೇಗ ಕಳಿಸ್ತೀವಿ."

"ಕೊನೇದು ಇಂಗ್ಲಿಷಲ್ಲಿ ಇಲ್ವಲ್ಲ."

"ಇಂಗ್ಲಿಷಿಗೂ ಸೇರಿಸು."

ಸೇರಿಸಿದೆ. ಅವಳು ಹೇಳುತ್ತಾ ಹೋದಳು, ನಾನು ಬರಹದ ಕನ್ನಡಕ್ಕೆ ಒಂದಿಷ್ಟೇ ತಿದ್ದಿ ಟೈಪು ಮಾಡುತ್ತಾ ಹೋದೆ. ಒಂದು ವಾಕ್ಯಕ್ಕೂ ಅವಳು ತಡಕಾಡಲಿಲ್ಲ. ಸಕ್ಕರೆ ಕಾಯಿಲೆಯವರು ಏನು ಮಾಡಬೇಕು, ಬಸುರಿಯರು ಯಾವುದನ್ನು ಮೊದಲೇ ಹೇಳಬೇಕು, ದಿನಾ ನುಂಗುವ ಮಾತ್ರೆಯನ್ನು ಯಾರನ್ನು ಕೇಳದೆ ನಿಲ್ಲಿಸಬಾರದು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಹನ್ನೊಂದು ವರ್ಷ ದಿನಕ್ಕೆ ಅರವತ್ತು ಸಲ ಹೇಳಿದ ಮಾತು. ಇವಳಿಗೆ ಸರಿಯಾಗಿ ತಿಳಿಸಲು ಬರುವುದಿಲ್ಲವಂತೆ!

ಭಾನುವಾರ ಮಧ್ಯಾಹ್ನ ಮುನ್ನೂರ ಅರವತ್ತೂ ಮುಗಿದವು. ಅಚ್ಚು ಹಾಕಿಸಿ ಆಸ್ಪತ್ರೆಗೆ ಒಯ್ದೆವು. ಡ್ಯೂಟಿಯಲ್ಲಿದ್ದ ಸ್ಕ್ಯಾನ್ ಡಾಕ್ಟರು ಟೀ ಆರಿಹೋಗುವವರೆಗೂ ಓದಿದರು. ಎರಡು ಕಡೆ ಗಂಟೆ ತಿದ್ದಿದರು, ಮಾತ್ರೆಯ ಒಂದು ವಾಕ್ಯಕ್ಕೆ ಇನ್ನೂ ನಾಲ್ಕು ಪದ ಸೇರಿಸಿದರು, ಪ್ರತಿ ಹಾಳೆಗೂ ಸಹಿ ಹಾಕಿದರು. "ಇದನ್ನ ಮೊದಲೇ ಯಾಕೆ ಮಾಡ್ಲಿಲ್ಲ?" ಎಂದು ನಮ್ಮನ್ನೇ ಗದರಿದರು.

ಸಂಜೆ ಹೊಸ ಫೈಲನ್ನು, ಕಿತ್ತುಹಾಕಿದ ತಪಾಸಣೆಯ ಸಮೇತ, ಸಾಹೇಬರ ಒಪ್ಪಿಗೆಗೆ ಕಳಿಸಿದೆ. ಅವರು ಒಪ್ಪಿಗೆ ಒತ್ತದೆ ನಮ್ಮಲ್ಲಿ ಏನೂ ಹೊರಗೆ ಹೋಗುವಂತಿಲ್ಲ. ಫೋನು ಮಾಡಿದೆ. "ಸಮಾರಂಭ ಮುಗೀಲಿ, ಆಮೇಲೆ ನೋಡೋಣ. ಕೊನೇ ಗಳಿಗೇಲಿ ಏನಾದ್ರೂ ಕೆಟ್ಟರೆ ನನ್ನ ಮಾನ ಹೋಗುತ್ತೆ" ಅಂದರು. ಅಕ್ಕನಿಗೆ ಹೇಳಿದೆ. "ಸರಿ ಬಿಡು" ಎಂದಳು. ಅಷ್ಟೇ. ನನಗೆ ಅವಳ ಮೇಲೂ ಸಿಟ್ಟು ಬಂತು.

ಸೋಮವಾರ ಹತ್ತು ಗಂಟೆ. ಆಸ್ಪತ್ರೆಯ ಸಭೆಯ ಕೋಣೆ ತುಂಬಿತ್ತು. ಗೋಡೆಯ ಮೇಲೆ ಸೈಟು ದೊಡ್ಡದಾಗಿ ಬಿದ್ದಿತ್ತು. ಮುಂದಿನ ಸಾಲಿನಲ್ಲಿ ಡಾಕ್ಟರಮ್ಮ, ಪಕ್ಕದಲ್ಲಿ ಖಾಲಿ ಅಂಕಣಕ್ಕೆ ಸಹಿ ಹಾಕಿದ್ದ ಕಚೇರಿ ಅಧಿಕಾರಿ. ಹಿಂದೆ ಕೌಂಟರಿನವರೆಲ್ಲ, ನಾಳೆಯಿಂದ ಜನರಿಗೆ ಸೈಟು ನೋಡಲು ಹೇಳಬೇಕಾದವರು ಎಂದು ಅವರನ್ನೂ ಕರೆದಿದ್ದರು. ಸಾಹೇಬರು ಗುಂಡಿ ಒತ್ತಿದರು. ಮೆನು ಕನ್ನಡವಾಯಿತು. ಒತ್ತಿದರು, ಇಂಗ್ಲಿಷಾಯಿತು. ಮತ್ತೆ ಕನ್ನಡ. ಜನ ಚಪ್ಪಾಳೆ ತಟ್ಟಿದರು.

"ನೂರಕ್ಕೆ ನೂರು ಕನ್ನಡ, ಮೇಡಂ," ಅಂದರು ಸಾಹೇಬರು.

ನಾನು ಕುರ್ಚಿಯ ಕೈ ಹಿಡಿದು ಏಳಬೇಕು, ಅಷ್ಟರಲ್ಲಿ ಹಿಂದಿನ ಸಾಲಿನಿಂದ ಇನ್ನೊಂದು ಕುರ್ಚಿ ಸರಿದ ಸದ್ದಾಯಿತು. ಅಕ್ಕ ನಿಂತಿದ್ದಳು.

"ಸರ್, ನಾನೊಂದು ಬುಕ್ ಮಾಡಿ ನೋಡ್ಲಾ? ನಾಳೆಯಿಂದ ಜನಕ್ಕೆ ತೋರಿಸಬೇಕಾದೋಳು ನಾನೇ ಅಲ್ವಾ?"

ಸಾಹೇಬರು ಪಕ್ಕಕ್ಕೆ ಸರಿದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಹೊಟ್ಟೆಯ ಸ್ಕ್ಯಾನ್ ಆರಿಸಿದಳು, ದಿನ ಆರಿಸಿದಳು, 'ಮುಂದೆ' ಒತ್ತಿದಳು. ಗೋಡೆಯ ತುಂಬ ಇಂಗ್ಲಿಷು ಬಂದು ನಿಂತಿತು.

"ಕನ್ನಡವೇ ಒತ್ತಿದೀನಿ, ಮೇಲೆ ಕಾಣ್ತಿದೆ," ಅಂದಳು. "ಇದನ್ನ ಹಳ್ಳಿಯಿಂದ ಬಂದ ಅಜ್ಜಿ ಓದಬೇಕು. ಹೇಗೆ ಓದ್ತಾಳೆ, ಸರ್?"

ಸಾಹೇಬರು ಡಾಕ್ಟರಮ್ಮನ ಕಡೆ ತಿರುಗಿದರು. "ಅದು ಫಾಲ್‌ಬ್ಯಾಕ್ ಅಂತ, ಮೇಡಂ. ಕನ್ನಡ ಇಲ್ಲದ ಕಡೆ ತಾನಾಗೇ ಇಂಗ್ಲಿಷ್ ಬರುತ್ತೆ."

"ನೂರಕ್ಕೆ ನೂರು ಅಂದ್ರಲ್ಲ," ಅಂದರು ಡಾಕ್ಟರಮ್ಮ. "ಇಲ್ಲದ ಕಡೆ ಅಂದ್ರೆ ಎಲ್ಲಿ?"

ಇನ್ನು ನಾನು ಸುಮ್ಮನಿರಲಿಲ್ಲ. ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಇದು ಫಾಲ್‌ಬ್ಯಾಕ್ ಅಲ್ಲ, ಕನ್ನಡ ಫೈಲಿನೊಳಗೆ ನಕಲು ಮಾಡಿ ತುಂಬಿದ ಇಂಗ್ಲಿಷು. ನಿಮ್ಮ ಕಚೇರಿಯವರು ಖಾಲಿ ಹಾಳೆಗೆ ಸಹಿ ಹಾಕಿದರು, ನಾವು ನೋಡದೆ ಹಾಕಿಕೊಂಡೆವು. ನಿಜವಾಗಿ ಆಗಿರುವುದು ನಲವತ್ತು ಪರ್ಸೆಂಟ್. ಅಧಿಕಾರಿ ಮೇಜಿನ ಮೇಲಿದ್ದ ಹೂವನ್ನು ನೋಡತೊಡಗಿದರು.

"ಸರಿ ಮಾಡೋಕೆ ಎಷ್ಟು ದಿನ ಬೇಕು?" ಡಾಕ್ಟರಮ್ಮ ಕೇಳಿದರು.

"ಆಗಿದೆ ಮೇಡಂ. ನಿಮ್ಮ ಸ್ಕ್ಯಾನ್ ಡಾಕ್ಟರು ಪ್ರತಿ ಹಾಳೆಗೂ ಸಹಿ ಹಾಕಿದಾರೆ. ನಮ್ಮ ಸರ್ ಒಪ್ಪಿಗೆ ಒತ್ತಬೇಕು ಅಷ್ಟೇ."

ಎಲ್ಲರೂ ಸಾಹೇಬರನ್ನು ನೋಡಿದರು. ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಮಂಗಳವಾರ ಇತ್ತು. ಆದರೂ ಒತ್ತಿದರು.

ತಪಾಸಣೆ ಓಡಿ, ಹೊಸ ಸೈಟು ಸಿದ್ಧವಾಗಿ ಹೊರಗೆ ಹೋಗಲು ನಾಲ್ಕು ನಿಮಿಷ. ಹಸಿರು ಗುರುತು ಬಂತು. ಅಕ್ಕ ಇಂಗ್ಲಿಷ್ ಒತ್ತಿ ಮತ್ತೆ ಕನ್ನಡ ಒತ್ತಿದಳು. ಹಳೆಯ ಇಂಗ್ಲಿಷೇ ಬಂತು. ಸಾಹೇಬರ ಮುಖದಲ್ಲಿ ಜೀವ ಬಂದದ್ದನ್ನು ಕಂಡೆ.

"ಪುಟ ಹಳೇ ಫೈಲನ್ನೇ ಹಿಡ್ಕೊಂಡಿದೆ, ಅಕ್ಕ. ಪುಟ ಮತ್ತೆ ಹೊಸದಾಗಿ ತೆರಿ." ಹೊಸ ಫೈಲಿನ ಹೆಸರಿಗೆ ಹೊಸ ಸಂಖ್ಯೆ ಅಂಟಿಸಿದ್ದೆ, ಹೊಸದಾಗಿ ತೆರೆದರೆ ಹಳೆಯದು ಬರುವ ಹಾಗೇ ಇರಲಿಲ್ಲ.

ತೆರೆದಳು. ಗೋಡೆಯ ಮೇಲೆ ಕನ್ನಡ ಬಂತು. ಡಾಕ್ಟರಮ್ಮ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಸ್ಕ್ಯಾನಿಗೆ ಮೊದಲು ಆರು ಗಂಟೆ ಏನೂ ತಿನ್ನಬೇಡಿ. ನೀರು ಕುಡಿಯಬಹುದು. ಒಂದು ಗಂಟೆ ಮೊದಲು ನಾಲ್ಕು ಲೋಟ ನೀರು ಕುಡಿದು, ಮೂತ್ರಕ್ಕೆ ಹೋಗದೆ ಬನ್ನಿ. ಅವಸರವಾಗುತ್ತದೆ, ತಡೆದುಕೊಳ್ಳಿ. ತಡೆಯಲಾಗದಿದ್ದರೆ ಕೌಂಟರಿಗೆ ಹೇಳಿ, ಬೇಗ ಕಳಿಸುತ್ತೇವೆ." ಹಿಂದಿನಿಂದ ಯಾರೋ ನಕ್ಕರು. ಡಾಕ್ಟರಮ್ಮನೂ ನಕ್ಕರು. "ಚೆನ್ನಾಗಿದೆ. ಯಾರು ಬರೆದದ್ದು?"

"ಟೈಪ್ ಮಾಡಿದ್ದು ನನ್ನ ತಂಗಿ. ಮಾತು ನಂದು," ಅಂದಳು ಅಕ್ಕ. ಪರ್ಸು ತೆರೆದು ಆ ನೋಟಿಸನ್ನು ತೆಗೆದು ಮಡಿಕೆ ಬಿಡಿಸಿದಳು. "ಮೇಡಂ, ಸರಿಯಾಗಿ ತಿಳಿಸಲ್ಲ ಅಂತ ನನಗೆ ಇದನ್ನ ಕೊಟ್ಟಿದೀರಿ."

"ಅದು... ನೋಡೋಣಮ್ಮ. ಇನ್ಮೇಲೆ ವಾಪಸ್ ಹೋಗೋರು ಕಮ್ಮಿಯಾದ್ರೆ ಅದನ್ನ ಕೈ ಬಿಡೋಣ."

"ಕಮ್ಮಿಯಾಗೋದು ನಾಳೆ ಮಾತು, ಮೇಡಂ. ಆ ಮೂರು ದೂರು ನಿನ್ನೆ ಮಾತು. ನಿನ್ನೆವರೆಗೂ ಸೈಟಲ್ಲಿ ಏನಿತ್ತು ಅಂತ ಈಗ ತಾನೇ ಎಲ್ಲರೂ ಗೋಡೆ ಮೇಲೆ ನೋಡಿದ್ರು."

ಅವಳ ದನಿ ಏರಲಿಲ್ಲ. ಡಾಕ್ಟರಮ್ಮ ಗೋಡೆಯನ್ನು ನೋಡಿದರು, ಅಧಿಕಾರಿಯನ್ನು ನೋಡಿದರು, ಆಮೇಲೆ ಗಡಿಯಾರ ನೋಡಿದರು.

"ನಾಳೆ ಆಫೀಸಿಗೆ ಬಾ, ಮಾತಾಡೋಣ."

"ಸ್ಕ್ಯಾನಿಗೆ ಇಪ್ಪತ್ತೆರಡು ಜನ ಕಾಯ್ತಿದಾರೆ, ಮೇಡಂ," ಅಂದಳು ಅಕ್ಕ. "ಎಲ್ಲರಿಗೂ ನಾನೇ ಹೇಳಿ ನೀರು ಕುಡಿಸಿ ಕೂರಿಸಿದೀನಿ. ನಾನು ಈ ಕಾಗದ ಇಟ್ಕೊಂಡು ಆ ಕುರ್ಚೀಲಿ ಕೂರಲ್ಲ."

ಡಾಕ್ಟರಮ್ಮ ಕೈ ಚಾಚಿದರು. ಅಕ್ಕ ಕಾಗದ ಕೊಟ್ಟಳು. ಅವರು ಅದರ ಮೇಲೆ ಓರೆಯಾಗಿ 'ಹಿಂಪಡೆಯಲಾಗಿದೆ' ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕಿದರು. ಅಕ್ಕ ಅದನ್ನು ಅಕ್ಷರ ಬಿಡದೆ ಓದಿದಳು, ಸಹಿಯನ್ನೂ ನೋಡಿದಳು, ಆಮೇಲೆ ಕೌಂಟರಿನ ಕಡೆಗೆ ಓಡಿದಳು.